ಪೈಪ್ ಒಡೆದರೆ ಮೊದಲು ಮಾಳಿಗೆಗೆ ಓಡಿ

ಬಳ್ಳಾರಿ ಕಡೆ ಮನೆಯೊಳಗೆ ಪೈಪ್ ಒಡೆದಾಗ ಬಹಳ ಜನ ಸೀದಾ ಗೇಟಿನ ಹತ್ತಿರ ಓಡುತ್ತಾರೆ. ಮೀಟರ್ ಪಕ್ಕದ ವಾಲ್ವ್ ತಿರುಗಿಸುತ್ತಾರೆ. ನೀರು ಮಾತ್ರ ನಿಲ್ಲುವುದಿಲ್ಲ. ನಮ್ಮಲ್ಲಿ ಬೀದಿ ನಲ್ಲಿಗೆ ದಿನಾ ನೀರು ಬರಲ್ಲ ಅಲ್ವಾ? ಬಂದ ದಿನ ಅದು ಸಂಪಿಗೆ ಬೀಳುತ್ತದೆ, ಮೋಟರ್ ಅದನ್ನು ಮಾಳಿಗೆಯ ಟ್ಯಾಂಕಿಗೆ ಏರಿಸುತ್ತದೆ. ಬಚ್ಚಲು, ಅಡುಗೆಮನೆಗೆ ಇಳಿಯುವುದು ಆ ಟ್ಯಾಂಕಿನ ನೀರು. ಹಾಗಾಗಿ ನಿಮ್ಮ ಮನೆಯ ನಿಜವಾದ ಮೇನ್ ವಾಲ್ವ್ ಇರುವುದು ಟ್ಯಾಂಕಿನ ಬುಡದಲ್ಲಿ.

ಇವತ್ತೇ ಮಾಳಿಗೆ ಹತ್ತಿ ಅದನ್ನು ಗುರುತಿಸಿ. ಟ್ಯಾಂಕಿನ ಮೇಲ್ಭಾಗಕ್ಕೆ ಸೇರುವ ಪೈಪ್ ಮೋಟರಿನದ್ದು, ಅದನ್ನು ಬಿಡಿ. ಬುಡದಿಂದ ಹೊರಬರುವ ಪೈಪುಗಳಲ್ಲಿ ಸಾಮಾನ್ಯವಾಗಿ ಒಂದು ಬಚ್ಚಲಿಗೆ, ಒಂದು ಅಡುಗೆಮನೆಗೆ, ಸೋಲಾರ್ ಇದ್ದರೆ ಒಂದು ಅದಕ್ಕೆ ಹೋಗುತ್ತದೆ.

ಯಾವುದು ಎಲ್ಲಿಗೆ ಅಂತ ನೋಡಲು ಇಬ್ಬರು ಬೇಕು. ಒಬ್ಬರು ಮೇಲೆ ಒಂದು ವಾಲ್ವ್ ಬಂದ್ ಮಾಡಲಿ, ಇನ್ನೊಬ್ಬರು ಕೆಳಗೆ ನಲ್ಲಿ ಬಿಟ್ಟು ನೋಡಲಿ. ಎಡವುವುದು ಇಲ್ಲೇ. ವಾಲ್ವ್ ಮುಚ್ಚಿದ ಕೂಡಲೇ ಕೆಳಗಿನ ನಲ್ಲಿ ನಿಲ್ಲುವುದಿಲ್ಲ, ಪೈಪಿನಲ್ಲಿ ಉಳಿದ ನೀರು ಇಳಿಯುತ್ತಲೇ ಇರುತ್ತದೆ. ಕೆಳಗಿನವರು "ಇನ್ನೂ ಬರ್ತಾ ಇದೆ" ಅಂತ ಕೂಗುತ್ತಾರೆ, ಮೇಲಿನವರು ಇದಲ್ಲವೇನೋ ಅಂತ ಮತ್ತೆ ತೆರೆಯುತ್ತಾರೆ. ಹಾಗೆ ಮಾಡಬೇಡಿ. ಎರಡು ಮೂರು ನಿಮಿಷ ಕಾಯಿರಿ. ಧಾರೆ ಸಣ್ಣಗಾಗುತ್ತಾ ಬಂದರೆ ವಾಲ್ವ್ ಸರಿಯಾದದ್ದೇ. ಗೊತ್ತಾದ ಮೇಲೆ ಪಕ್ಕದ ಗೋಡೆಯ ಮೇಲೆ ಆಯಿಲ್ ಪೇಂಟಿನಿಂದ 'ಬಚ್ಚಲು', 'ಅಡುಗೆಮನೆ' ಅಂತ ಬರೆಯಿರಿ. ಮಾರ್ಕರ್ ಪೆನ್ನು ನಮ್ಮ ಬಿಸಿಲಿಗೆ ಉಳಿಯಲ್ಲ.

ಉದ್ದ ಹಿಡಿಕೆಯ ಬಾಲ್ ವಾಲ್ವ್ ಇದ್ದರೆ ಸುಲಭ. ಹಿಡಿಕೆ ಪೈಪಿನ ಉದ್ದಕ್ಕಿದ್ದರೆ ತೆರೆದಿದೆ, ಅಡ್ಡ ತಿರುಗಿಸಿದರೆ ಬಂದ್. ದುಂಡನೆ ಚಕ್ರದ ಗೇಟ್ ವಾಲ್ವನ್ನು ಬಲಕ್ಕೆ ಹಲವು ಸುತ್ತು ತಿರುಗಿಸಬೇಕು. ಬೋರ್ ನೀರಿನ ಮನೆಗಳಲ್ಲಿ ಇದು ಉಪ್ಪು ಕಟ್ಟಿ ಹಿಡಿದುಕೊಂಡಿರುತ್ತದೆ. ಆಗ ಪೈಪ್ ಪಾನಾ ಹಾಕಿ ಜಗ್ಗಬೇಡಿ. ಒಳಗಿನ ಕಡ್ಡಿ ಮುರಿಯುತ್ತದೆ, ಇಲ್ಲವೇ ಬಿಸಿಲಿಗೆ ಒಣಗಿ ಪೆಡಸಾದ ಪ್ಲಾಸ್ಟಿಕ್ ಪೈಪ್ ಟ್ಯಾಂಕಿನ ಬುಡದಲ್ಲೇ ಬಿರಿಯುತ್ತದೆ. ಆಮೇಲೆ ಮುಚ್ಚಲು ವಾಲ್ವೇ ಇರಲ್ಲ. ಚಕ್ರದ ಕಡ್ಡಿಗೆ ಎರಡು ಹನಿ ಎಣ್ಣೆ ಬಿಡಿ. ಒಂದು ಕೈಯಲ್ಲಿ ವಾಲ್ವಿನ ಮೈ ಗಟ್ಟಿ ಹಿಡಿದು, ಚಕ್ರವನ್ನು ಸ್ವಲ್ಪ ಹಿಂದೆ, ಸ್ವಲ್ಪ ಮುಂದೆ ಆಡಿಸಿ. ಸಡಿಲವಾಗದಿದ್ದರೆ ಪ್ಲಂಬರ್ ಕರೆಸಿ ಲೋಹದ ಬಾಲ್ ವಾಲ್ವ್ ಹಾಕಿಸಿ. ಅಗ್ಗದ ಪ್ಲಾಸ್ಟಿಕ್ ಹಿಡಿಕೆಯದ್ದು ಬೇಡವೇ ಬೇಡ, ಬೇಕಾದ ಹೊತ್ತಲ್ಲೇ ಹಿಡಿಕೆ ಕೈಗೆ ಬರುತ್ತದೆ. ತಿಂಗಳಿಗೊಮ್ಮೆ ತಿರುಗಿಸಿ ಬಿಟ್ಟರೆ ಯಾವ ವಾಲ್ವೂ ಬಿಗಿಯಲ್ಲ.

ಈಗ ಪೈಪ್ ಒಡೆದೇಬಿಟ್ಟಿತು ಅನ್ನಿ. ಕೆಳಗಿನ ಬಚ್ಚಲಿನಲ್ಲಿ ಅರ್ಧ ಇಂಚಿನ ಪೈಪ್ ಪೂರ್ತಿ ಮುರಿದರೆ 1000 ಲೀಟರ್ ಟ್ಯಾಂಕ್ ಮುಕ್ಕಾಲು ಗಂಟೆಯೊಳಗೆ ಖಾಲಿಯಾಗಬಹುದು. ಮೊದಲು ಮೋಟರ್ ಓಡುತ್ತಿದ್ದರೆ ಬಂದ್ ಮಾಡಿ. ನೀರು ಸ್ವಿಚ್ ಬೋರ್ಡಿಗೆ ಸಿಡಿಯುತ್ತಿದ್ದರೆ ಬೋರ್ಡ್ ಮುಟ್ಟಬೇಡಿ, ಒಣ ಜಾಗದಲ್ಲಿ ನಿಂತು ಮೇನ್ ಸ್ವಿಚ್ ಬಂದ್ ಮಾಡಿ. ಆಮೇಲೆ ಮಾಳಿಗೆಗೆ ಓಡಿ ವಾಲ್ವ್ ಮುಚ್ಚಿ. ಯಾವುದು ಅಂತ ಗೊತ್ತಾಗದಿದ್ದರೆ ಎಲ್ಲವನ್ನೂ ಮುಚ್ಚಿ. ಕೆಳಗೆ ಬಂದು, ಒಡೆದ ಲೈನಿನ ಬೇರೆ ನಲ್ಲಿಗಳನ್ನು ತೆರೆದು ಬಕೆಟ್ ಇಡಿ. ಉಳಿದ ನೀರು ನೆಲಕ್ಕೆ ಹೋಗುವ ಬದಲು ಬಕೆಟ್ ಸೇರುತ್ತದೆ. ಗೀಸರ್ ಕೂಡ ಬಂದ್ ಮಾಡಿ.

ವಾಲ್ವ್ ತಿರುಗುತ್ತಲೇ ಇಲ್ಲವೇ? ಟ್ಯಾಂಕಿನ ಮುಚ್ಚಳ ತೆಗೆಯಿರಿ. ಹಳೆಯ ಲುಂಗಿಯನ್ನು ಕೋಲಿನ ತುದಿಗೆ ಬಿಗಿಯಾಗಿ ಸುತ್ತಿ ಕಟ್ಟಿ, ಬುಡದ ತೂತಿಗೆ ಒಳಗಿನಿಂದ ಒತ್ತಿ. ಹರಿಯುವ ನೀರೇ ಅದನ್ನು ಒಳಕ್ಕೆ ಎಳೆದು ಹಿಡಿಯುತ್ತದೆ. ಬಟ್ಟೆ ಮುಷ್ಟಿಗಿಂತ ದಪ್ಪ ಇರಲಿ, ಸಣ್ಣದಾದರೆ ಪೈಪಿನೊಳಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಟ್ಯಾಂಕಿನೊಳಗೆ ಯಾರೂ ಇಳಿಯಬಾರದು.

ನೀರು ಹರಿಯುತ್ತಿರುವಾಗಲೇ ಪೈಪಿಗೆ ಅಂಟು ಮೆತ್ತಲು ಹೋಗಬೇಡಿ, ಒದ್ದೆ ಪೈಪಿಗೆ ಅದು ಹಿಡಿಯಲ್ಲ. ಸಣ್ಣ ತೂತಾಗಿದ್ದರೆ ಸೈಕಲ್ ಟ್ಯೂಬಿನ ಪಟ್ಟಿ ಎಳೆದು ಸುತ್ತಿ, ತಂತಿಯಿಂದ ಬಿಗಿದರೆ ಪ್ಲಂಬರ್ ಬರುವ ತನಕ ಸಾಕು.

ರಿಪೇರಿ ಆದ ಮೇಲೆ ಅಂಟು ಒಣಗಲು ಒಂದು ರಾತ್ರಿ ಬಿಡಿ. ಮರುದಿನ ಕೆಳಗಿನ ನಲ್ಲಿ ತೆರೆದಿಟ್ಟು, ವಾಲ್ವನ್ನು ನಿಧಾನಕ್ಕೆ ಬಿಡಿ. ನಲ್ಲಿ ಮೊದಲು ಬುಸ್ ಅಂತ ಗಾಳಿ ಉಗುಳುತ್ತದೆ. ಧಾರೆ ಒಂದೇ ಸಮ ಬಂದ ಮೇಲೆ ನಲ್ಲಿ ಮುಚ್ಚಿ, ರಿಪೇರಿ ಮಾಡಿದ ಜಾಗದ ಕೆಳಗೆ ಒಣ ಕಾಗದ ಹಾಸಿಡಿ. ಹನಿ ಬಿದ್ದರೆ ಅದರ ಮೇಲೆ ಕಾಣುತ್ತದೆ.