ಪಾರ್ಸಲ್ ಬಿರಿಯಾನಿಯನ್ನು ಬಿಡಿಸಿ ತೂಗಿದ್ದು

ಗೋಣಿಕೊಪ್ಪದಲ್ಲಿ ನಾನು ತಿನ್ನುವ ಬಿರಿಯಾನಿ ಕೈಮ ಅಕ್ಕಿಯದ್ದು. ಸಣ್ಣ ಕಾಳು, ಮೇಲೆ ಹುರಿದ ಈರುಳ್ಳಿ, ಒಳಗೆ ಎರಡು ತುಂಡು ಕೋಳಿ, ಒಂದು ಮೊಟ್ಟೆ. ಫೋನಿನ ಕ್ಯಾಲೊರಿ ಆ್ಯಪ್‌ನಲ್ಲಿ ಇದಕ್ಕೆ 'ಒಂದು ಪ್ಲೇಟ್' ಅಂತ ಬರುತ್ತದೆ. ಯಾರ ಪ್ಲೇಟು, ಎಷ್ಟು ದೊಡ್ಡದು? ತೂಕ ಇಳಿಸಲು ಲೆಕ್ಕ ಬರೆಯುತ್ತಿದ್ದ ನನಗೆ ಅದು ಸರಿಬರಲಿಲ್ಲ. ಒಂದು ಭಾನುವಾರ ಪಾರ್ಸಲ್ ತಂದು, ಅಡುಗೆಮನೆಯ ತಕ್ಕಡಿ ಮುಂದೆ ಕುಳಿತೆ.

ಒಟ್ಟು ತೂಕ 640 ಗ್ರಾಂ. ಕೋಳಿ, ಮೊಟ್ಟೆ, ಅನ್ನ ಮೂರನ್ನೂ ಬೇರೆ ಮಾಡಿದೆ. ಮೊಟ್ಟೆ 50, ಮಸಾಲೆ ಅಂಟಿದ ಅನ್ನ 375, ಕೋಳಿ ತುಂಡುಗಳು 215. ಇಲ್ಲೇ ಮೊದಲು ಎಡವಿದ್ದೆ. ಹಿಂದೆ ಒಮ್ಮೆ ತುಂಡುಗಳ ಪೂರ್ತಿ ತೂಕವನ್ನೇ ಮಾಂಸ ಅಂತ ಬರೆದುಕೊಂಡು, ಪ್ರೋಟೀನ್ ಭರ್ಜರಿ ಆಯ್ತು ಅಂತ ಖುಷಿಪಟ್ಟಿದ್ದೆ. ಈ ಸಲ ತಿಂದ ಮೇಲೆ ಮೂಳೆಗಳನ್ನು ಮತ್ತೆ ತೂಗಿದೆ. 85 ಗ್ರಾಂ! ಅಂದರೆ ನಿಜವಾದ ಮಾಂಸ 130 ಗ್ರಾಂ ಮಾತ್ರ. ಬೆಂದ ಕೋಳಿ ಮಾಂಸದಲ್ಲಿ ನೂರಕ್ಕೆ ಸುಮಾರು 26 ಗ್ರಾಂ ಪ್ರೋಟೀನ್ ಇರುತ್ತದೆ. ಹಾಗಾಗಿ ಇದರಿಂದ 34 ಗ್ರಾಂ. ಕಾಲಿನ ತುಂಡು, ಸ್ವಲ್ಪ ಚರ್ಮ ಇತ್ತು, ಅದಕ್ಕೆ ಕೊಬ್ಬು 10 ಗ್ರಾಂ ಅಂತ ಹಿಡಿದೆ.

ಇನ್ನು ಅನ್ನ. ಇಲ್ಲಿ ಪಿಷ್ಟಕ್ಕಿಂತ ಎಣ್ಣೆಯದ್ದೇ ತಲೆನೋವು. ಬೆಂದ ಅನ್ನದಲ್ಲಿ ನೂರಕ್ಕೆ 28 ಗ್ರಾಂ ಕಾರ್ಬ್, ಅದು ಹೆಚ್ಚೇನೂ ಆಚೀಚೆ ಆಗುವುದಿಲ್ಲ. ಆದರೆ ತುಪ್ಪ, ಡಾಲ್ಡಾ, ಎಣ್ಣೆ ಎಷ್ಟು ಸುರಿದಿದ್ದಾರೆ ಅಂತ ಕಣ್ಣಿಗೆ ಕಾಣುವುದಿಲ್ಲ. ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲೊರಿ, ಅನ್ನದ ಕಾರ್ಬಿಗೆ 4. ತಪ್ಪಿದರೆ ಇಲ್ಲೇ ತಪ್ಪುತ್ತದೆ.

ಹೋಟೆಲಿನ ಅಡುಗೆ ಕಾಕಾನನ್ನೇ ಕೇಳಿದೆ. 'ಕಾಕಾ, ಒಂದು ಕೆ.ಜಿ ಅಕ್ಕಿಗೆ ತುಪ್ಪ ಎಷ್ಟು ಹಾಕ್ತೀರಾ?' ಅವರು ನಕ್ಕು, 'ಕೈ ಅಳತೆ ಮಗಾ' ಅಂದರು. ಅಲ್ಲಿಗೆ ಮುಗಿಯಿತು.

ಹಾಗಾಗಿ ಸುತ್ತುದಾರಿ ಹಿಡಿದೆ. ಕೋಳಿಯ ಕೊಬ್ಬು ಲೆಕ್ಕ ಕೆಡಿಸಬಾರದು ಅಂತ ಅದೇ ಹೋಟೆಲಿನ ಕುಸ್ಕ ತಂದೆ. 200 ಗ್ರಾಂ ಕುಸ್ಕವನ್ನು ಕುದಿಯುವ ನೀರಿಗೆ ಹಾಕಿ ಚೆನ್ನಾಗಿ ಕದಡಿ, ಜರಡಿಯಲ್ಲಿ ಸೋಸಿ, ನೀರನ್ನು ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟೆ. ಬೆಳಗ್ಗೆ ಮೇಲೆ ಹಳದಿ ಪದರ ಗಟ್ಟಿಯಾಗಿ ಕೂತಿತ್ತು. ಎತ್ತಿ, ಬಟ್ಟೆಯಲ್ಲಿ ನೀರು ಒತ್ತಿ ತೂಗಿದರೆ 13 ಗ್ರಾಂ. ಅದೇ ಪೂರ್ತಿ ಕೊಬ್ಬಲ್ಲ, ಕಾಳಿಗೆ ಅಂಟಿದ್ದು ಅನ್ನದಲ್ಲೇ ಉಳಿಯುತ್ತದೆ. ಎಷ್ಟು ಉಳಿಯುತ್ತದೆ ಅಂತ ತಿಳಿಯಲು ಮನೆಯಲ್ಲೇ ಕುಸ್ಕ ಮಾಡಿದೆ. ಅರ್ಧ ಕೆ.ಜಿ ಅಕ್ಕಿಗೆ ತುಪ್ಪ ಮತ್ತು ಡಾಲ್ಡಾ ಸೇರಿ 120 ಗ್ರಾಂ ಹಾಕಿದೆ. ಆದ ಕುಸ್ಕ 1,600 ಗ್ರಾಂ. ಅಂದರೆ 200 ಗ್ರಾಂನಲ್ಲಿ 15 ಗ್ರಾಂ ಕೊಬ್ಬು ಇರಬೇಕು. ಅದೇ ನೀರಿನ ಪರೀಕ್ಷೆಯಲ್ಲಿ ನನಗೆ ಸಿಕ್ಕಿದ್ದು 12. ಐದರಲ್ಲಿ ನಾಲ್ಕು ಪಾಲು ಮಾತ್ರ ಕೈಗೆ ಬರುತ್ತದೆ ಅಂತಾಯ್ತು. ಹೋಟೆಲಿನ 13ನ್ನು ಅದೇ ರೀತಿ ಸರಿಮಾಡಿದರೆ ಸುಮಾರು 16, ಅಂದರೆ ನೂರಕ್ಕೆ 8 ಗ್ರಾಂ.

ಇದು ತುಪ್ಪ, ಡಾಲ್ಡಾ ಹಾಕಿದ್ದಕ್ಕೆ ನಡೆಯುತ್ತದೆ. ಸೂರ್ಯಕಾಂತಿ ಎಣ್ಣೆಯೇ ಜಾಸ್ತಿ ಇದ್ದರೆ ಫ್ರಿಜ್‌ನಲ್ಲಿ ಗಟ್ಟಿಯಾಗದೆ ನೀರಿನ ಮೇಲೆ ತೇಲುತ್ತಿರುತ್ತದೆ. ಆಗ ಚಮಚದಲ್ಲಿ ಬಳಿಯಬೇಕು, ತೂಕ ನಂಬುವ ಹಾಗಿಲ್ಲ.

ಈಗ ನನ್ನ ಪಾರ್ಸಲ್‌ಗೆ ಬರೋಣ. 375 ಗ್ರಾಂ ಅನ್ನದಲ್ಲಿ ಕೊಬ್ಬು 30. ಅದನ್ನೂ, ಈರುಳ್ಳಿ ಮಸಾಲೆಯ 35ನ್ನೂ ಬಿಟ್ಟರೆ ಬರೀ ಅನ್ನ 310. ಅದರಲ್ಲಿ ಕಾರ್ಬ್ 87, ಈರುಳ್ಳಿಯದ್ದೂ ಸೇರಿಸಿ 90 ಅಂದುಕೊಂಡೆ. ಅನ್ನದ ಪ್ರೋಟೀನ್ 8, ಮೊಟ್ಟೆಯಿಂದ 6, ಕೋಳಿಯದ್ದು 34, ಒಟ್ಟು 48. ಕೊಬ್ಬು 30, ಕೋಳಿಯದ್ದು 10, ಮೊಟ್ಟೆಯದ್ದು 5, ಒಟ್ಟು 45. ಎಲ್ಲ ಸೇರಿ 957 ಕ್ಯಾಲೊರಿ. ನಾನು 950 ಅಂತ ಬರೆಯುತ್ತೇನೆ. ಕೊನೆಯ 7 ಬರೆದರೆ ನನಗೇ ನಗು ಬರುತ್ತದೆ. ಅನ್ನದ ಕೊಬ್ಬು ನೂರಕ್ಕೆ 5 ಇದ್ದರೆ ಸುಮಾರು 850, 12 ಇದ್ದರೆ 1,100ರ ಹತ್ತಿರ. ಅಷ್ಟು ಅಂತರ ಇದ್ದೇ ಇರುತ್ತದೆ.

ಇನ್ನೊಂದು ವಿಷಯ ಆಮೇಲೆ ಹೊಳೆಯಿತು. ದಮ್ ಹಾಕುವಾಗ ಮಸಾಲೆ ಕೆಳಗೆ, ಅನ್ನ ಮೇಲೆ. ಬಡಿಸುವವರು ಮೇಲಿನಿಂದ ತೆಗೆದರೆ ಬಿಳಿ ಅನ್ನ ಜಾಸ್ತಿ, ಬುಡದಿಂದ ತೋಡಿದರೆ ಎಣ್ಣೆ ಜಾಸ್ತಿ. ಬೇಗ ಹೋದರೆ ಮೇಲಿನದ್ದು, ಮಧ್ಯಾಹ್ನ ಎರಡೂವರೆಗೆ ಹೋದರೆ ಬುಡದ್ದು. ಈಗ ತಡವಾಗಿ ಹೋದ ದಿನ ಕೊಬ್ಬಿಗೆ ಸುಮ್ನೆ 10 ಗ್ರಾಂ ಸೇರಿಸಿ ಬರೆಯುತ್ತೇನೆ. ರುಚಿಯೂ ಆ ಬುಡದ್ದೇ ಚೆನ್ನ, ಅದೇ ತೊಂದರೆ.