ತಿರಸ್ಕೃತ ಲೇಖನಕ್ಕಾಗಿ ನಾನು ಬರೆದ ಮೇಲ್ಮನವಿ

ಪಶ್ಚಿಮ ಘಟ್ಟದ ಒಂದು ಜಾತಿಯ ಕಪ್ಪೆ ಎಷ್ಟು ಹಳ್ಳಗಳಲ್ಲಿ ಉಳಿದಿದೆ ಎಂಬುದು ನಮ್ಮ ಅಧ್ಯಯನದ ಪ್ರಶ್ನೆಯಾಗಿತ್ತು. ಮಳೆಗಾಲದ ಮೂರು ವಾರಗಳಲ್ಲಿ 60 ಹಳ್ಳಗಳಿಗೆ ತಲಾ ನಾಲ್ಕು ರಾತ್ರಿ ಹೋಗಿ, ಕೂಗು ಕೇಳಿತೋ ಇಲ್ಲವೋ ಎಂದು ಬರೆದುಕೊಂಡೆವು. ಲೇಖನ ತಿರಸ್ಕೃತವಾಗಿ ಬಂತು. ಎರಡನೆಯ ವಿಮರ್ಶಕರ ಮುಖ್ಯ ಆಕ್ಷೇಪ ಹೀಗಿತ್ತು: 60 ಹಳ್ಳಗಳನ್ನೇ ಮತ್ತೆ ಮತ್ತೆ ಎಣಿಸಿ 240 ಸ್ವತಂತ್ರ ಮಾದರಿಗಳೆಂದು ತೋರಿಸಲಾಗಿದೆ, ಆದ್ದರಿಂದ ಫಲಿತಾಂಶಗಳು ನಂಬಲರ್ಹವಲ್ಲ.

ಓದಿದ ದಿನವೇ ಬರೆದ ಉತ್ತರವನ್ನು ನಾನು ಕಳುಹಿಸಲಿಲ್ಲ. ಅದರಲ್ಲಿ ಕೋಪವಿತ್ತು, ವಾದವಿರಲಿಲ್ಲ. ಒಂದು ವಾರ ಬಿಟ್ಟು ವರದಿಯನ್ನು ಮತ್ತೆ ಓದಿದೆ. ಅಧ್ಯಯನದ ವ್ಯಾಪ್ತಿ ಕಿರಿದು ಎಂಬ ಮಾತು ಅವರ ಅಭಿಪ್ರಾಯ, ಅದನ್ನು ಮುಟ್ಟಲಿಲ್ಲ. ಮೇಲ್ಮನವಿ ನಿಲ್ಲುವುದು ತಪ್ಪೆಂದು ತೋರಿಸಿಕೊಡಬಹುದಾದ ಮಾತಿನ ಮೇಲೆ ಮಾತ್ರ. ಇಲ್ಲಿ ಅಂಥದ್ದು ಒಂದೇ ಇತ್ತು.

ಪತ್ರವನ್ನು ಸಂಪಾದಕರಿಗೆ ಬರೆದೆ. ಅವರು ಕಪ್ಪೆಯ ತಜ್ಞರಲ್ಲದಿರಬಹುದು ಎಂದುಕೊಂಡು ವಿಧಾನವನ್ನು ಲೆಕ್ಕದಲ್ಲೇ ವಿವರಿಸಿದೆ. ಕಪ್ಪೆ ಇದ್ದರೂ ಎಲ್ಲ ರಾತ್ರಿಯೂ ಕೂಗುವುದಿಲ್ಲ. ಇರುವ ಹಳ್ಳದಲ್ಲಿ ಒಂದು ರಾತ್ರಿ ಅದು ಕೇಳಿಸುವ ಸಂಭವ 0.4 ಎಂದಿಟ್ಟುಕೊಂಡರೆ, ನಾಲ್ಕೂ ರಾತ್ರಿ ಕೇಳಿಸದೇ ಹೋಗುವ ಸಂಭವ 0.6ರ ನಾಲ್ಕನೆಯ ಘಾತ, ಅಂದರೆ ಸುಮಾರು 0.13. ನಮಗೆ ಕೂಗು ಕೇಳಿದ್ದು 30 ಹಳ್ಳಗಳಲ್ಲಿ. ಅದು ನೂರಕ್ಕೆ 50. ತಪ್ಪಿಹೋದವುಗಳನ್ನು ಸೇರಿಸಿದರೆ ಸುಮಾರು 57. ಕೇಳಿಸುವ ಸಂಭವವನ್ನು ಅಂದಾಜು ಮಾಡಲು ಅದೇ ಹಳ್ಳಕ್ಕೆ ಮರಳಿ ಹೋಗಲೇಬೇಕು. ವಿಮರ್ಶಕರು ದೋಷವೆಂದು ಕಂಡದ್ದೇ ಈ ವಿಧಾನದ ಆಧಾರ. ಮಾದರಿಯ ಗಾತ್ರ ಎಲ್ಲ ಕಡೆಯೂ 60 ಎಂಬುದಕ್ಕೆ ಕೋಷ್ಟಕವನ್ನೂ ಸಾಲುಗಳ ಸಂಖ್ಯೆಯನ್ನೂ ಕೊಟ್ಟೆ.

ಆ ಸಾಲುಗಳನ್ನು ಹುಡುಕುವಾಗಲೇ ನನ್ನ ತಪ್ಪು ಕಂಡಿತು. ಸಾರಾಂಶದಲ್ಲಿ ನಾನೇ ‘240 ಸಮೀಕ್ಷೆಗಳ ಆಧಾರದಲ್ಲಿ’ ಎಂದು ಬರೆದಿದ್ದೆ. ಅವಸರದಲ್ಲಿ ಓದುವವರು ಅದನ್ನು ಮಾದರಿಯ ಗಾತ್ರವೆಂದೇ ತಿಳಿಯುತ್ತಾರೆ. ಪತ್ರದಲ್ಲಿ ಇದನ್ನು ಒಪ್ಪಿಕೊಂಡು, ತಿದ್ದಿದ ವಾಕ್ಯವನ್ನು ಕೊಟ್ಟೆ. ಮೂರು ವಾರಗಳಲ್ಲಿ ಕಪ್ಪೆಗಳು ಹಳ್ಳ ಬಿಟ್ಟು ಹೋಗಿರಬಹುದಲ್ಲವೇ ಎಂಬ ವಿಮರ್ಶಕರ ಇನ್ನೊಂದು ಪ್ರಶ್ನೆ ನ್ಯಾಯವಾದದ್ದು. ಆ ಅವಧಿಯಲ್ಲಿ ಹಳ್ಳದಲ್ಲಿ ಕಪ್ಪೆ ಇದೆಯೋ ಇಲ್ಲವೋ ಎಂಬುದು ಬದಲಾಗದು ಎಂಬ ಊಹೆ ಮುರಿದರೆ ನಮ್ಮ ಅಂದಾಜು ಹಿಗ್ಗುತ್ತದೆ. ಆದ್ದರಿಂದ ಈ ಮಿತಿಯನ್ನು ಲೇಖನದಲ್ಲಿ ಸೇರಿಸುವುದಾಗಿ ತಿಳಿಸಿದೆ.

ವಿಮರ್ಶಕರ ಅರ್ಹತೆಯ ಬಗ್ಗೆ ಒಂದು ಮಾತನ್ನೂ ಬರೆಯಲಿಲ್ಲ. ಲೇಖನವನ್ನು ಸ್ವೀಕರಿಸಿ ಎಂದೂ ಕೇಳಲಿಲ್ಲ. ಈ ವಿಧಾನ ಬಲ್ಲ ಮತ್ತೊಬ್ಬರಿಂದ ಪರಿಶೀಲನೆ ಮಾಡಿಸಿ ಎಂದಷ್ಟೇ ಕೋರಿದೆ. ಪತ್ರ ಒಂದು ಪುಟ ಮೀರಲಿಲ್ಲ. ಸಂಪಾದಕರು ಮೂರನೆಯ ವಿಮರ್ಶಕರಿಗೆ ಕಳುಹಿಸಿದರು. ಅವರು ಮೊದಲು ಕೇಳಿದ್ದು, ಮಳೆ ಜೋರಾಗಿದ್ದ ರಾತ್ರಿ ಕೂಗು ಕೇಳಿಸುವ ಸಂಭವ ಎಷ್ಟು ಇಳಿಯಿತು ಎಂದು.