ನೆಗಡಿಯನ್ನು ಒಂದೆರಡು ದಿನ ಮೊದಲೇ ಕಳಿಸಬಹುದೇ? ಸತು, ವಿಟಮಿನ್ ಸಿ ಮತ್ತು ನಿದ್ದೆಯ ಲೆಕ್ಕ

ನೆಗಡಿಯಾದವರು ಮೆಡಿಕಲ್ ಸ್ಟೋರಿನ ಮುಂದೆ ನಿಲ್ಲುವುದು ಹೆಚ್ಚಾಗಿ ಮೂರನೇ ದಿನ. ಅಷ್ಟು ಹೊತ್ತಿಗೆ ಮೂಗು ಪೂರ್ತಿ ಕಟ್ಟಿ, ತಲೆ ಭಾರವಾಗಿ, ಇನ್ನು ತಡೆಯಲಾರೆ ಅನ್ನಿಸಿರುತ್ತದೆ. ಆದರೆ ಸಾದಾ ನೆಗಡಿ ಜೋರಾಗುವುದೇ ಎರಡು ಮೂರನೇ ದಿನಕ್ಕೆ. ಆಮೇಲೆ ಅದು ತಾನಾಗಿಯೇ ಇಳಿಯುತ್ತದೆ. ಹಾಗಾಗಿ ಅವತ್ತು ಏನು ನುಂಗಿದರೂ ಮಾರನೇ ದಿನ ‘ಗುಣ ಕಂಡಿತು’ ಅನ್ನಿಸುತ್ತದೆ. ಕಷಾಯಕ್ಕೂ ಮಾತ್ರೆಗೂ ಒಳ್ಳೆ ಹೆಸರು ಬರುವುದು ಹೀಗೇ. ಇದೇ ಕಾರಣಕ್ಕೆ ಸಂಶೋಧಕರು ಅರ್ಧ ಜನಕ್ಕೆ ನಿಜವಾದ ಮಾತ್ರೆ, ಉಳಿದರ್ಧಕ್ಕೆ ಅದರಂತೆಯೇ ಕಾಣುವ ಸಪ್ಪೆ ಮಾತ್ರೆ ಕೊಟ್ಟು ಹೋಲಿಸಿ ನೋಡುತ್ತಾರೆ.

ಹಾಗೆ ನೋಡಿದಾಗ ಯಾವುದನ್ನು ತೆಗೆದುಕೊಂಡಿರಿ ಅನ್ನುವಷ್ಟೇ ಯಾವಾಗ ಶುರು ಮಾಡಿದಿರಿ ಅನ್ನುವುದೂ ಮುಖ್ಯ ಅಂತ ತಿಳಿದುಬಂದಿದೆ.

ಮೊದಲು: ಶುರುವಾದ ಹೊತ್ತು ಗುರುತಿಟ್ಟುಕೊಳ್ಳಿ

ಸೋಮವಾರ ಸಂಜೆ ಗಂಟಲಲ್ಲಿ ಕೆರೆತ ಶುರುವಾಯಿತು, ಎರಡು ಮೂರು ಸೀನು ಬಂತು ಅಂದುಕೊಳ್ಳಿ. ನಿಮ್ಮ ಗಡಿಯಾರ ಅಲ್ಲಿಂದ ಓಡುತ್ತದೆ. ಸತು, ಅಂದರೆ ಝಿಂಕ್, ಉಪಯೋಗಕ್ಕೆ ಬರುವುದಾದರೆ ಮಂಗಳವಾರ ಸಂಜೆಯೊಳಗೆ ಶುರುವಾಗಬೇಕು. ಪ್ರಯೋಗಗಳಲ್ಲೂ ಹೆಚ್ಚಾಗಿ ಮೊದಲ 24 ಗಂಟೆಯೊಳಗೇ ಶುರು ಮಾಡಿಸಿದ್ದಾರೆ. ಬುಧವಾರ ರಾತ್ರಿ ನೆನಪಾದರೆ ದುಡ್ಡು ಖರ್ಚು ಮಾಡಬೇಡಿ.

ಆಮೇಲೆ: ಸತುವಿನ ಚೀಟಿ ಓದಿ

ಜನ ಎಡವುವುದು ಹೆಚ್ಚಾಗಿ ಇಲ್ಲೇ. ಬಹುಪಾಲು ಪ್ರಯೋಗಗಳು ನಡೆದಿರುವುದು ಬಾಯಲ್ಲಿಟ್ಟು ಚೀಪುವ ಲೋಝೆಂಜ್‌ ಮೇಲೆ. ಸತು ಗಂಟಲಿನ ಹತ್ತಿರವೇ ಕರಗಿ ಅಲ್ಲಿ ಕೆಲಸ ಮಾಡುತ್ತದೆ ಅನ್ನುವುದು ಅದರ ಹಿಂದಿನ ಊಹೆ. ನಮ್ಮಲ್ಲಿ ಸುಲಭವಾಗಿ ಸಿಗುವುದು ನುಂಗುವ ಮಾತ್ರೆ, ಇಲ್ಲವೇ ಬಿ-ಕಾಂಪ್ಲೆಕ್ಸ್ ಜೊತೆ ಸೇರಿಸಿದ ಕ್ಯಾಪ್ಸೂಲ್. ಅದು ನೇರ ಹೊಟ್ಟೆಗೆ ಹೋಗುತ್ತದೆ. ಮಕ್ಕಳಿಗೆ ಕೊಡುವ 20 ಮಿಲಿಗ್ರಾಂ ಝಿಂಕ್ ಮಾತ್ರೆ ಮನೆಯಲ್ಲಿ ಉಳಿದಿರಬಹುದು. ಅದು ಭೇದಿಗೆ ಕೊಡುವಂಥದ್ದು, ನೆಗಡಿಗಲ್ಲ.

ಲೋಝೆಂಜ್ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಡಬ್ಬಿಯ ಮೇಲಿನ ದೊಡ್ಡ ಅಂಕಿ ನೋಡಿ ಮೋಸಹೋಗಬೇಡಿ. ‘ಝಿಂಕ್ ಗ್ಲುಕೋನೇಟ್ 50 ಮಿಲಿಗ್ರಾಂ’ ಅಂತಿದ್ದರೆ ಅದರಲ್ಲಿ ನಿಜವಾದ ಸತು ಸುಮಾರು 7 ಮಿಲಿಗ್ರಾಂ ಮಾತ್ರ. ಉಳಿದದ್ದು ಗ್ಲುಕೋನೇಟ್‌ ತೂಕ. ‘ಎಲಿಮೆಂಟಲ್ ಝಿಂಕ್’ ಅಂತ ಬರೆದಿರುವ ಅಂಕಿಯನ್ನೇ ಹುಡುಕಿ. ಫಲ ಕಂಡ ಪ್ರಯೋಗಗಳಲ್ಲಿ ದಿನಕ್ಕೆ ಸುಮಾರು 75 ಮಿಲಿಗ್ರಾಂಗಿಂತ ಜಾಸ್ತಿ ಸತು ಕೊಟ್ಟಿದ್ದರು. ಒಂದರಲ್ಲಿ 13 ಮಿಲಿಗ್ರಾಂ ಇದ್ದರೆ, ಎಚ್ಚರವಿರುವಾಗ ಎರಡೂವರೆ ಗಂಟೆಗೊಂದರಂತೆ ಆರು ಚೀಪಿದರೆ 78 ಆಗುತ್ತದೆ. 7 ಮಿಲಿಗ್ರಾಂನದಾದರೆ ಹನ್ನೊಂದು ಬೇಕು. ಹನ್ನೊಂದು ಯಾರು ಚೀಪುತ್ತಾರೆ, ಅಲ್ವಾ?

ಕಚ್ಚಬೇಡಿ, ನಿಧಾನವಾಗಿ ಕರಗಲು ಬಿಡಿ. ಡಬ್ಬಿಯ ಹಿಂದೆ ಸಿಟ್ರಿಕ್ ಆಸಿಡ್ ಇದೆಯಾ ಅಂತಲೂ ನೋಡಿ. ನಿಂಬೆಯ ರುಚಿಗೆಂದು ಅದನ್ನು ಹಾಕಿದರೆ ಅದು ಸತುವನ್ನು ಹಿಡಿದಿಟ್ಟುಕೊಳ್ಳುತ್ತದೆ, ಬಾಯಲ್ಲಿ ಬಿಡುಗಡೆಯಾಗಲು ಬಿಡುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ತಗೊಂಡರೆ ವಾಕರಿಕೆ ಬರಬಹುದು. ಬಾಯಲ್ಲಿ ಲೋಹದಂಥ ಕೆಟ್ಟ ರುಚಿಯಂತೂ ಇದ್ದದ್ದೇ.

ಇಷ್ಟೆಲ್ಲ ಮಾಡಿ ಏನು ಸಿಗುತ್ತದೆ? ವೈದ್ಯಕೀಯ ಪುರಾವೆಗಳನ್ನು ತೂಗಿ ನೋಡುವ ಕಾಕ್ರೇನ್ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆಯ 2024ರ ವಿಮರ್ಶೆ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ, ನೆಗಡಿ ಸುಮಾರು ಎರಡು ದಿನ ಕಡಿಮೆಯಾಗಬಹುದು ಅಂದಿದೆ. ಆದರೆ ಈ ಪುರಾವೆ ಗಟ್ಟಿಯಲ್ಲ ಅಂತಲೂ ಸ್ಪಷ್ಟವಾಗಿ ಹೇಳಿದೆ. ಫಿನ್‌ಲೆಂಡಿನ ಹೆಲ್ಸಿಂಕಿ ನಗರಾಡಳಿತದ ನೌಕರರ ಮೇಲೆ ನಡೆದ ಪ್ರಯೋಗವೊಂದರ ಫಲಿತಾಂಶ 2020ರಲ್ಲಿ ಬಂತು. ಅಲ್ಲಿ ದಿನಕ್ಕೆ ಇದೇ 78 ಮಿಲಿಗ್ರಾಂ ಲೆಕ್ಕದಲ್ಲಿ ಐದು ದಿನ ಕೊಟ್ಟರೂ ಏನೂ ಉಪಯೋಗ ಕಾಣಲಿಲ್ಲ. ಇನ್ನೊಂದು ತೊಡಕು ಆ ಕೆಟ್ಟ ರುಚಿಯೇ. ಬಾಯಿಗಿಟ್ಟ ಕೂಡಲೇ ‘ನನಗೆ ಸಿಕ್ಕಿದ್ದು ಅಸಲಿ’ ಅಂತ ಗೊತ್ತಾದರೆ ಹೋಲಿಕೆಯೇ ಸಡಿಲವಾಗುತ್ತದೆ. ಸರಿಯಾದ ಲೋಝೆಂಜ್ ಮೊದಲ ದಿನವೇ ಕೈಯಲ್ಲಿದ್ದರೆ ದೊಡ್ಡವರು ಪ್ರಯತ್ನಿಸಬಹುದು, ಇಲ್ಲದಿದ್ದರೆ ಅದಕ್ಕಾಗಿ ಊರೆಲ್ಲ ಸುತ್ತುವಷ್ಟು ಇದರಲ್ಲಿಲ್ಲ ಅನ್ನುವುದು ನನ್ನ ಲೆಕ್ಕ.

ಐದಾರು ದಿನದಾಚೆ ಮುಂದುವರಿಸಬೇಡಿ. ದೊಡ್ಡವರಿಗೆ ದಿನಕ್ಕೆ 40 ಮಿಲಿಗ್ರಾಂ ಮೇಲ್ಮಿತಿ ಅಂತ ಹೇಳುತ್ತಾರೆ. ಅದನ್ನು ಮೀರಿ ವಾರಗಟ್ಟಲೆ ತೆಗೆದುಕೊಂಡರೆ ದೇಹದಲ್ಲಿ ತಾಮ್ರ ಕಡಿಮೆಯಾಗುತ್ತದೆ. ಸಿಪ್ರೋಫ್ಲಾಕ್ಸಸಿನ್, ಡಾಕ್ಸಿಸೈಕ್ಲಿನ್‌ನಂಥ ಆಂಟಿಬಯಾಟಿಕ್ ಜೊತೆ ತೆಗೆದುಕೊಂಡರೆ ಅವು ಮೈಗೆ ಹತ್ತುವುದೂ ಕಡಿಮೆಯಾಗುತ್ತದೆ. ಗರ್ಭಿಣಿಯರು ಡಾಕ್ಟರನ್ನು ಕೇಳದೆ ಈ ಪ್ರಮಾಣಕ್ಕೆ ಹೋಗಬಾರದು. ಮೂಗಿಗೆ ಹಾಕುವ ಸತುವಿನ ಜೆಲ್, ಸ್ಪ್ರೇಗಳಂತೂ ಬೇಡವೇ ಬೇಡ. ಅವುಗಳಿಂದ ವಾಸನೆ ಗೊತ್ತಾಗುವ ಶಕ್ತಿಯೇ ಹೋಗಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2009ರಲ್ಲೇ ಎಚ್ಚರಿಸಿತ್ತು.

ವಿಟಮಿನ್ ಸಿ: ನೆಗಡಿಗೆ ಮುಂಚೆಯೇ ಹೊರತು ಆಮೇಲಲ್ಲ

ಕಿತ್ತಳೆ ರುಚಿಯ 500 ಮಿಲಿಗ್ರಾಂ ಮಾತ್ರೆ ಯಾರಿಗೆ ಗೊತ್ತಿಲ್ಲ! ಇದರ ಹುಚ್ಚು ಜೋರಾದದ್ದು 1970ರಲ್ಲಿ, ನೊಬೆಲ್ ಪ್ರಶಸ್ತಿ ಪಡೆದ ಲೈನಸ್ ಪಾಲಿಂಗ್ ಇದರ ಬಗ್ಗೆ ಪುಸ್ತಕ ಬರೆದ ಮೇಲೆ. ಆಮೇಲೆ ನಡೆದ ಪ್ರಯೋಗಗಳನ್ನೆಲ್ಲ 2013ರ ಕಾಕ್ರೇನ್ ವಿಮರ್ಶೆ ಸೇರಿಸಿ ನೋಡಿತು. ದಿನಾ 200 ಮಿಲಿಗ್ರಾಂ ಅಥವಾ ಜಾಸ್ತಿ ತೆಗೆದುಕೊಳ್ಳುತ್ತಲೇ ಇದ್ದ ದೊಡ್ಡವರಲ್ಲಿ ನೆಗಡಿಯ ಕಾಲ ಶೇ 8ರಷ್ಟು, ಮಕ್ಕಳಲ್ಲಿ ಶೇ 14ರಷ್ಟು ಕಡಿಮೆಯಾಗಿತ್ತು. ಏಳು ದಿನದ ನೆಗಡಿಯಲ್ಲಿ ಶೇ 8 ಅಂದರೆ ಸುಮಾರು ಹದಿಮೂರು ಗಂಟೆ. ವರ್ಷವಿಡೀ ಮಾತ್ರೆ ನುಂಗಿ ಅರ್ಧ ದಿನ ಗಳಿಸಿದಂತಾಯಿತು! ನೆಗಡಿ ಬಂದ ಮೇಲೆ ಶುರು ಮಾಡಿದವರಲ್ಲಿ ನೆಚ್ಚಿಕೊಳ್ಳುವಂಥ ಫಲವೇನೂ ಕಾಣಲಿಲ್ಲ. ಮ್ಯಾರಥಾನ್ ಓಟಗಾರರು, ಕೊರೆವ ಚಳಿಯಲ್ಲಿ ತರಬೇತಿ ಮಾಡುವ ಸೈನಿಕರು, ಇಂಥವರಲ್ಲಿ ಮಾತ್ರ ನೆಗಡಿ ಬರುವ ಸಂಭವವೇ ಅರ್ಧಕ್ಕಿಳಿದಿತ್ತು.

ಹಾಗಾಗಿ ಮಾತ್ರೆಯ ಬದಲು ದಿನಾ ಒಂದು ಸೀಬೆಹಣ್ಣು ತಿನ್ನಿ. ಒಂದು ಸಾಧಾರಣ ಗಾತ್ರದ ಹಣ್ಣಿನಲ್ಲೇ 200 ಮಿಲಿಗ್ರಾಂ ಆಸುಪಾಸು ವಿಟಮಿನ್ ಸಿ ಸಿಗುತ್ತದೆ. ನೆಲ್ಲಿಕಾಯಿಯಲ್ಲೂ ಬೇಕಾದಷ್ಟಿದೆ, ಆದರೆ ಕುದಿಸಿದರೆ ಕಡಿಮೆಯಾಗುತ್ತದೆ. ಕಿಡ್ನಿಯಲ್ಲಿ ಕಲ್ಲಾಗಿದ್ದವರು ಗ್ರಾಂಗಟ್ಟಲೆ ಮಾತ್ರೆಯ ಗೊಡವೆಗೆ ಹೋಗಬಾರದು.

ನಿದ್ದೆ

2015ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 164 ಜನರ ಕೈಗೆ ಗಡಿಯಾರದಂಥ ಸಾಧನ ಕಟ್ಟಿ ಒಂದು ವಾರ ನಿದ್ದೆ ಅಳೆದರು. ಆಮೇಲೆ ಅವರ ಮೂಗಿಗೆ ನೆಗಡಿ ವೈರಸ್ಸಿನ ಹನಿ ಹಾಕಿದರು. ಏಳು ಗಂಟೆಗಿಂತ ಜಾಸ್ತಿ ಮಲಗುತ್ತಿದ್ದವರಿಗೆ ಹೋಲಿಸಿದರೆ ಆರು ಗಂಟೆಯೂ ಮಲಗದವರಿಗೆ ನೆಗಡಿ ಹಿಡಿಯುವ ಸಂಭವ ನಾಲ್ಕು ಪಟ್ಟಿಗೂ ಹೆಚ್ಚಿತ್ತು. ಗಮನಿಸಿ, ಇದು ನೆಗಡಿ ಹಿಡಿಯುವುದರ ಬಗ್ಗೆ. ಬಂದ ನೆಗಡಿ ನಿದ್ದೆಯಿಂದ ಇಷ್ಟು ದಿನ ಬೇಗ ಹೋಗುತ್ತದೆ ಅಂತ ಇದು ಹೇಳುವುದಿಲ್ಲ. ಆದರೂ ಮಂಗಳವಾರ ರಾತ್ರಿ ಬೇಗ ಮಲಗಿ. ಮೂಗು ಕಟ್ಟಿದ್ದರೆ ಇನ್ನೊಂದು ದಿಂಬು ಹಾಕಿಕೊಂಡು ತಲೆ ಎತ್ತರಿಸಿಕೊಳ್ಳಿ. ಕೆಮ್ಮು ನಿದ್ದೆಗೆಡಿಸುತ್ತಿದ್ದರೆ ಮಲಗುವ ಮುಂಚೆ ಒಂದು ಚಮಚ ಜೇನುತುಪ್ಪ ನೆಕ್ಕಬಹುದು. ಒಂದು ವರ್ಷದೊಳಗಿನ ಮಗುವಿಗೆ ಮಾತ್ರ ಜೇನುತುಪ್ಪ ಕೊಡಲೇಬಾರದು.

ಊಟದ ವಿಷಯಕ್ಕೆ ಜಾಸ್ತಿ ಹೇಳುವುದಿಲ್ಲ. ಬಿಸಿ ಗಂಜಿ, ಮೆಣಸಿನ ಸಾರು ಗಂಟಲಿಗೆ ಹಿತ, ನೀರಿನ ಅಂಶವೂ ಸಿಗುತ್ತದೆ. ಹಸಿವಿಲ್ಲದಿದ್ದರೆ ಒತ್ತಾಯಕ್ಕೆ ತಿನ್ನಬೇಕಿಲ್ಲ. ಸಾದಾ ನೆಗಡಿ ವೈರಸ್ಸಿನಿಂದ ಬರುವುದರಿಂದ ಆಂಟಿಬಯಾಟಿಕ್ಕಿಗೆ ಇಲ್ಲಿ ಕೆಲಸವಿಲ್ಲ.

ಆದರೆ ಉಸಿರಾಟ ಕಷ್ಟವಾದರೆ, ಮೂರು ದಿನ ಕಳೆದರೂ ಜ್ವರ ಬಿಡದಿದ್ದರೆ, ಅಥವಾ ಶುಕ್ರವಾರ ವಾಸಿಯಾದಂತಾಗಿ ಭಾನುವಾರ ಮತ್ತೆ ಜ್ವರ ಏರಿದರೆ ಲೋಝೆಂಜ್ ಪಕ್ಕಕ್ಕಿಟ್ಟು ಡಾಕ್ಟರ ಹತ್ತಿರ ಹೋಗಿ.